ಮೀಟರ್ ಮುನ್ನೂರು, ಬಾಕ್ಸ್ ಸೊನ್ನೆ: ಸಣ್ಣ ಅಸೆಂಬ್ಲಿ ಶಾಪ್‌ಗೆ ಎಂಆರ್‌ಪಿ ಲೆಕ್ಕ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಶಾಪ್ ಇದೆ. ನನ್ನನ್ನೂ ಸೇರಿಸಿ ಒಂಬತ್ತು ಜನ. ಬೋರ್‌ವೆಲ್ ಪಂಪಿಗೆ ಹಾಕುವ ಸಿಂಗಲ್ ಫೇಸ್ ಪ್ಯಾನೆಲ್ ಜೋಡಿಸಿ ಡೀಲರ್‌ಗಳಿಗೆ ಕೊಡುತ್ತೇವೆ. ತೋಟದ ಮನೆಯ ಗೋಡೆ ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ, ಎರಡು ಮೀಟರ್ ಇರುವ ಡಬ್ಬ ನೋಡಿರುತ್ತೀರಲ್ಲ, ಅದೇ.

ಕೆಲವು ವರ್ಷದ ಹಿಂದೆ ಒಂದು ಶನಿವಾರ ಸಂಜೆ ಟೇಬಲ್ ಮೇಲೆ ಮೂವತ್ತು ಪ್ಯಾನೆಲ್‌ನ ಒಳಭಾಗವೆಲ್ಲ ರೆಡಿಯಾಗಿ ಕೂತಿತ್ತು. ಹಾಕೋಕೆ ಬಾಕ್ಸ್ ಇರಲಿಲ್ಲ. ಅದೇ ಹೊತ್ತಿಗೆ ಸ್ಟೋರ್‌ನಲ್ಲಿ ಮುನ್ನೂರು ಅಮ್ಮೀಟರ್ ಧೂಳು ತಿನ್ನುತ್ತಿದ್ದವು. ಡಿಸ್ಕೌಂಟ್ ಸಿಕ್ಕಿತು ಅಂತ ನಾನೇ ತರಿಸಿದ್ದು. ನಮ್ಮ ಮೇಸ್ತ್ರಿ ಏನೂ ಹೇಳಲಿಲ್ಲ. ಮೀಟರ್ ರಾಕ್ ಕಡೆ ಒಂದು ಸಲ ನೋಡಿ, "ಇದನ್ನೇ ಕವರ್‌ನಲ್ಲಿ ಸುತ್ತಿ ಕಳಿಸೋಣ್ವಾ ಸಾರ್?" ಅಂದರು.

ಆವತ್ತಿನ ತನಕ ನಾನು ಪ್ರತಿ ಸಾಮಾನನ್ನೂ ಬೇರೆ ಬೇರೆಯಾಗಿ ನೋಡುತ್ತಿದ್ದೆ. ತಿಂಗಳಿಗೆ ಎಷ್ಟು ಬಾಕ್ಸ್ ಖರ್ಚಾಗುತ್ತದೆ, ಎಷ್ಟು ಮೀಟರ್ ಖರ್ಚಾಗುತ್ತದೆ ಅಂತ ಸರಾಸರಿ ತೆಗೆದು, ಕಡಿಮೆಯಾದಾಗ ತರಿಸುವುದು. ಕಿರಾಣಿ ಅಂಗಡಿಗೆ ಇದು ಸರಿ. ಅಲ್ಲಿ ಸಕ್ಕರೆ ಕೊಳ್ಳುವವರು ಬೇರೆ, ಬೇಳೆ ಕೊಳ್ಳುವವರು ಬೇರೆ. ನಮ್ಮಲ್ಲಿ ಬಾಕ್ಸನ್ನು ಯಾರೂ ಬಂದು ಕೊಳ್ಳುವುದಿಲ್ಲ. ಪ್ಯಾನೆಲ್ ಜೋಡಿಸಲು ಕೂತ ವಾರ ಬಾಕ್ಸ್ ಬೇಕು, ಕೂರದ ವಾರ ಒಂದೂ ಬೇಡ. ಅಂದ ಮೇಲೆ ಬಾಕ್ಸಿನ ಬೇಡಿಕೆಯನ್ನು ಅಂದಾಜು ಮಾಡುವ ಅಗತ್ಯವೇ ಇಲ್ಲ, ಲೆಕ್ಕ ಹಾಕಿದರೆ ಸಿಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಜೋಸೆಫ್ ಓರ್ಲಿಕಿ ಈ ವ್ಯತ್ಯಾಸವನ್ನು ಹಿಡಿದು ಬೆಳೆಸಿದ ಲೆಕ್ಕವೇ ಎಂಆರ್‌ಪಿ, ಅಂದರೆ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್. ಬಿಸ್ಕತ್ ಪ್ಯಾಕೆಟ್ ಮೇಲೆ ಇರುವ ಎಂಆರ್‌ಪಿಗೂ ಇದಕ್ಕೂ ಸಂಬಂಧ ಇಲ್ಲ.

ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಸ್ಪ್ರೆಡ್‌ಶೀಟ್ ಸಾಕು. ನಮ್ಮ ಎಂಟು ವಾರದ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ. ಓದಲು ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಒಂದು ಪ್ಯಾನೆಲ್ ಬಿಚ್ಚಿ

ಬಿಓಎಂ ಅಂದರೆ ಬಿಲ್ ಆಫ್ ಮೆಟೀರಿಯಲ್ಸ್, ಒಂದು ಪ್ಯಾನೆಲ್‌ಗೆ ಏನೇನು ಎಷ್ಟೆಷ್ಟು ಬೇಕು ಅನ್ನುವ ಪಟ್ಟಿ. ಇದನ್ನು ಆಫೀಸಿನಲ್ಲಿ ಕೂತು ಡ್ರಾಯಿಂಗ್ ನೋಡಿ ಬರೆಯಬೇಡಿ. ಪ್ಯಾಕ್ ಆಗಿ ಹೊರಡಲು ರೆಡಿಯಿರುವ ಒಂದು ಪ್ಯಾನೆಲ್ ತಂದು, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಚ್ಚುತ್ತಾ ಎಣಿಸಿ. ನಾವು ಹಾಗೆ ಮಾಡಿದಾಗ ನನ್ನ ಪಟ್ಟಿಯಲ್ಲಿ ಇಲ್ಲದ ನಾಲ್ಕು ಸಾಮಾನು ಸಿಕ್ಕವು: ಬಾಗಿಲಿನ ರಬ್ಬರ್ ಗ್ಯಾಸ್ಕೆಟ್, ವೈರಿಂಗ್ ಸ್ಟಿಕ್ಕರ್, ರಟ್ಟಿನ ಡಬ್ಬ, ವಾರಂಟಿ ಕಾರ್ಡ್. ಇವು ಯಾವುದೂ ಡ್ರಾಯಿಂಗ್‌ನಲ್ಲಿ ಇರುವುದಿಲ್ಲ. ಆದರೆ ವಾರಂಟಿ ಕಾರ್ಡ್ ಇಲ್ಲದೆ ಡೀಲರ್ ಮಾಲು ಇಳಿಸಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಬಿಓಎಂ ಬರೀ ಉದ್ದನೆಯ ಪಟ್ಟಿಯಾದರೆ ಸಾಲದು, ಮೆಟ್ಟಿಲು ಮೆಟ್ಟಿಲಾಗಿ ಇರಬೇಕು. ನಾವು ಪ್ಯಾನೆಲ್ಲನ್ನು ಒಂದೇ ಸಲಕ್ಕೆ ಜೋಡಿಸುವುದಿಲ್ಲ. ಒಬ್ಬರು ಮೀಟರ್ ಪ್ಲೇಟ್ ಮಾಡುತ್ತಾರೆ: ಅದರಲ್ಲಿ ಅಮ್ಮೀಟರ್, ವೋಲ್ಟ್‌ಮೀಟರ್, ಎರಡು ಪುಶ್ ಬಟನ್, ಒಂದೂವರೆ ಮೀಟರ್ ಕಂಟ್ರೋಲ್ ವೈರ್. ಇನ್ನೊಬ್ಬರು ಬೇಸ್ ಪ್ಲೇಟ್ ಮಾಡುತ್ತಾರೆ: ಎಂಸಿಬಿ, ಕೆಪಾಸಿಟರ್‌ಗಳು, ಟರ್ಮಿನಲ್ ಸ್ಟ್ರಿಪ್, ಎರಡು ಮೀಟರ್ ವೈರ್. ಕೊನೆಗೆ ಬಾಕ್ಸ್ ಒಳಗೆ ಎರಡನ್ನೂ ಕೂರಿಸಿ, ಅರ್ಧ ಮೀಟರ್ ವೈರ್‌ನಿಂದ ಒಂದಕ್ಕೊಂದು ಸೇರಿಸುತ್ತಾರೆ. ಹಾಗಾಗಿ ಪ್ಯಾನೆಲ್ ಮೇಲಿನ ಮೆಟ್ಟಿಲು. ಬಾಕ್ಸ್, ಮೀಟರ್ ಪ್ಲೇಟ್, ಬೇಸ್ ಪ್ಲೇಟ್ ಅದರ ಕೆಳಗೆ. ಮೀಟರ್, ಬಟನ್, ಕೆಪಾಸಿಟರ್ ಇನ್ನೂ ಕೆಳಗೆ.

ನಮ್ಮಲ್ಲಿ ಎರಡು ಮಾಡೆಲ್ ಇವೆ, 1 ಎಚ್‌ಪಿ ಮತ್ತು 2 ಎಚ್‌ಪಿ. ಬಾಕ್ಸ್ ಮತ್ತು ಮೀಟರ್ ಪ್ಲೇಟ್ ಎರಡಕ್ಕೂ ಒಂದೇ. ಬೇಸ್ ಪ್ಲೇಟ್ ಮಾತ್ರ ಬೇರೆ, ಏಕೆಂದರೆ ಎಂಸಿಬಿ, ಕೆಪಾಸಿಟರ್ ಬದಲಾಗುತ್ತವೆ.

ಪ್ರತಿ ಸಾಲಿನ ಪಕ್ಕದಲ್ಲಿ ಲೀಡ್ ಟೈಮ್ ಬರೆಯಿರಿ, ಅಂದರೆ ಹೇಳಿದ ಮೇಲೆ ಕೈಗೆ ಬರಲು ಎಷ್ಟು ವಾರ ಬೇಕು ಅಂತ. ನಮ್ಮಲ್ಲಿ ಪ್ಯಾನೆಲ್ ಜೋಡಣೆ 1 ವಾರ, ಎರಡೂ ಪ್ಲೇಟ್‌ಗಳು 1 ವಾರ, ಬಾಕ್ಸ್ 2 ವಾರ, ಕೆಪಾಸಿಟರ್ 4 ವಾರ. ಸಪ್ಲೈಯರ್ ಫೋನಿನಲ್ಲಿ ಹೇಳುವ ದಿನ ಬರೆಯಬೇಡಿ. ಹಳೆಯ ಬಿಲ್‌ಗಳನ್ನು ತೆಗೆದು, ಆರ್ಡರ್ ಕೊಟ್ಟ ದಿನ ಮತ್ತು ಮಾಲು ಇಳಿದ ದಿನ ನೋಡಿ ಬರೆಯಿರಿ.

ಮೇಲಿನ ಮೆಟ್ಟಿಲು: ಪ್ಯಾನೆಲ್ ಯಾವಾಗ ಬೇಕು

ಈಗ ಡೀಲರ್‌ಗಳಿಗೆ ಯಾವ ವಾರ ಎಷ್ಟು ಕೊಡಬೇಕು ಅಂತ ಬರೆಯೋಣ. ಒಂದು ನಿಯಮ ಇಟ್ಟುಕೊಳ್ಳಿ: "4ನೇ ವಾರ" ಅಂದರೆ ಆ ವಾರದ ಸೋಮವಾರ ಬೆಳಿಗ್ಗೆಗೆ ಕೈಯಲ್ಲಿ ಇರಬೇಕು. ಇದನ್ನು ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡಿಕೊಂಡರೆ ಇಡೀ ಲೆಕ್ಕ ಒಂದು ವಾರ ಜಾರುತ್ತದೆ.

1 ಎಚ್‌ಪಿ ಪ್ಯಾನೆಲ್: 4ನೇ ವಾರ 40, 6ನೇ ವಾರ 60, 7ನೇ ವಾರ 30, 8ನೇ ವಾರ 50. ರೆಡಿ ಇರುವುದು 10.

2 ಎಚ್‌ಪಿ ಪ್ಯಾನೆಲ್: 5ನೇ ವಾರ 30, 7ನೇ ವಾರ 40. ರೆಡಿ ಇರುವುದು ಯಾವುದೂ ಇಲ್ಲ.

ಬೇಕಾದದ್ದರಲ್ಲಿ ಇರುವುದನ್ನು ಕಳೆಯಿರಿ. 1 ಎಚ್‌ಪಿಯಲ್ಲಿ 4ನೇ ವಾರದ 40ರಲ್ಲಿ 10 ಇದೆ, ಇನ್ನು 30 ಮಾಡಿದರೆ ಸಾಕು. ಜೋಡಿಸಲು ಒಂದು ವಾರ ಬೇಕಾದ್ದರಿಂದ ಆ 30ನ್ನು 3ನೇ ವಾರವೇ ಶುರು ಮಾಡಬೇಕು. ಉಳಿದವೂ ಹಾಗೇ ಒಂದೊಂದು ವಾರ ಹಿಂದಕ್ಕೆ ಹೋಗುತ್ತವೆ. ಶುರು ಮಾಡುವ ಪಟ್ಟಿ ಹೀಗಾಗುತ್ತದೆ:

| ಶುರು ಮಾಡುವ ವಾರ | 3 | 4 | 5 | 6 | 7 |
|---|---|---|---|---|---|
| 1 ಎಚ್‌ಪಿ | 30 | – | 60 | 30 | 50 |
| 2 ಎಚ್‌ಪಿ | – | 30 | – | 40 | – |
| ಒಟ್ಟು | 30 | 30 | 60 | 70 | 50 |

ಇಡೀ ಎಂಆರ್‌ಪಿ ಇಷ್ಟೇ: ಬೇಕಾದದ್ದು, ಇರುವುದು, ಕಳೆದು ಉಳಿದದ್ದು, ಅದನ್ನು ಲೀಡ್ ಟೈಮ್‌ನಷ್ಟು ಹಿಂದಕ್ಕೆ ತಳ್ಳುವುದು. ಇದನ್ನೇ ಪ್ರತಿ ಮೆಟ್ಟಿಲಿನಲ್ಲೂ ಮತ್ತೆ ಮತ್ತೆ ಮಾಡುತ್ತೇವೆ.

ಒಂದು ಮೆಟ್ಟಿಲು ಕೆಳಗೆ ಇಳಿಯುವುದು

ಮೇಲಿನ ಟೇಬಲ್‌ನ "ಒಟ್ಟು" ಸಾಲೇ ಕೆಳಗಿನ ಮೆಟ್ಟಿಲಿನ ಬೇಡಿಕೆ. ಇದಕ್ಕೆ ಬಿಓಎಂ ಎಕ್ಸ್‌ಪ್ಲೋಶನ್ ಅನ್ನುತ್ತಾರೆ. ಹೆಸರು ಜೋರಾಗಿದೆ, ಕೆಲಸ ಗುಣಾಕಾರ ಅಷ್ಟೇ. ಇಲ್ಲಿ ಗಮನಿಸಬೇಕಾದದ್ದು ಒಂದೇ. ಡೀಲರ್‌ಗೆ ಕೊಡುವ ವಾರವನ್ನು ಕೆಳಗೆ ಇಳಿಸಬೇಡಿ, ಜೋಡಣೆ ಶುರು ಮಾಡುವ ವಾರವನ್ನು ಇಳಿಸಿ. ಬಾಕ್ಸ್ ಬೇಕಾಗುವುದು ಪ್ಯಾನೆಲ್ ಲಾರಿ ಹತ್ತುವ ದಿನ ಅಲ್ಲ, ಜೋಡಿಸಲು ಕೂರುವ ದಿನ, ಅಲ್ವಾ?

ಮೀಟರ್ ಪ್ಲೇಟ್ ನೋಡೋಣ. ಒಂದು ಪ್ಯಾನೆಲ್‌ಗೆ ಒಂದು. ಹಾಗಾಗಿ 3ನೇ ವಾರ 30, 4ರಲ್ಲಿ 30, 5ರಲ್ಲಿ 60, 6ರಲ್ಲಿ 70, 7ರಲ್ಲಿ 50 ಬೇಕು. ಮಾಡಿಟ್ಟದ್ದು 20 ಇದೆ, ಆದ್ದರಿಂದ 3ನೇ ವಾರಕ್ಕೆ ಇನ್ನು 10 ಸಾಕು. ಒಂದು ವಾರ ಹಿಂದಕ್ಕೆ ತಳ್ಳಿದರೆ 2ನೇ ವಾರ 10, 3ರಲ್ಲಿ 30, 4ರಲ್ಲಿ 60, 5ರಲ್ಲಿ 70, 6ರಲ್ಲಿ 50 ಶುರು ಮಾಡಬೇಕು.

ಬೇಸ್ ಪ್ಲೇಟ್ ಮಾಡಿಟ್ಟದ್ದು ಒಂದೂ ಇಲ್ಲ. ಎರಡೂ ಮಾಡೆಲ್ ಸೇರಿ 2ನೇ ವಾರ 30, 3ರಲ್ಲಿ 30, 4ರಲ್ಲಿ 60, 5ರಲ್ಲಿ 70, 6ರಲ್ಲಿ 50.

ಈಗ ವೈರ್‌ಗೆ ಬನ್ನಿ. ತುಂಬಾ ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ವೈರ್ ಮೂರು ಕಡೆ ಖರ್ಚಾಗುತ್ತದೆ: ಮೀಟರ್ ಪ್ಲೇಟ್‌ನಲ್ಲಿ, ಬೇಸ್ ಪ್ಲೇಟ್‌ನಲ್ಲಿ, ಮತ್ತೆ ಕೊನೆಯ ಜೋಡಣೆಯಲ್ಲಿ. ಅಂದರೆ ಎರಡು ಬೇರೆ ಬೇರೆ ಮೆಟ್ಟಿಲಿನಲ್ಲಿದೆ. ನಾನು ಮೊದಲ ಸಲ ಲೆಕ್ಕ ಹಾಕಿದಾಗ ಮೂರಕ್ಕೂ ಬೇರೆ ಬೇರೆ ಹಾಳೆ ಮಾಡಿ, ಪ್ರತಿ ಹಾಳೆಯಲ್ಲೂ "ಸ್ಟಾಕ್ 100 ಮೀಟರ್" ಅಂತ ಕಳೆದಿದ್ದೆ. ಇದ್ದದ್ದು ಒಂದೇ 100 ಮೀಟರ್. ನಾನು 300 ಕಳೆದುಬಿಟ್ಟಿದ್ದೆ.

ಸರಿಯಾದ ಕ್ರಮ ಹೀಗಿದೆ. ಒಂದು ಸಾಮಾನು ಅತಿ ಕೆಳಗೆ ಯಾವ ಮೆಟ್ಟಿಲಿನಲ್ಲಿ ಬರುತ್ತದೋ ಅಲ್ಲಿಗೆ ತಲುಪುವ ತನಕ ಅದರ ಲೆಕ್ಕ ಮುಟ್ಟಬೇಡಿ. ಮೇಲಿನ ಎಲ್ಲ ಮೆಟ್ಟಿಲುಗಳ ಬೇಡಿಕೆಯನ್ನೂ ಒಂದೇ ಸಾಲಿನಲ್ಲಿ ಕೂಡಿಸಿ, ಆಮೇಲೆ ಒಂದೇ ಸಲ ಸ್ಟಾಕ್ ಕಳೆಯಿರಿ. ಸಾಮಾನು ಬರುವ ಆ ಅತಿ ಕೆಳಗಿನ ಮೆಟ್ಟಿಲಿನ ನಂಬರಿಗೆ ಲೋ ಲೆವೆಲ್ ಕೋಡ್ ಅನ್ನುತ್ತಾರೆ. ನಮ್ಮ ವೈರಿನ ಲೆಕ್ಕ, ಮೀಟರ್ ಉದ್ದದಲ್ಲಿ:

| ವಾರ | 2 | 3 | 4 | 5 | 6 | 7 |
|---|---|---|---|---|---|---|
| ಮೀಟರ್ ಪ್ಲೇಟ್ | 15 | 45 | 90 | 105 | 75 | – |
| ಬೇಸ್ ಪ್ಲೇಟ್ | 60 | 60 | 120 | 140 | 100 | – |
| ಕೊನೆಯ ಜೋಡಣೆ | – | 15 | 15 | 30 | 35 | 25 |
| ಒಟ್ಟು | 75 | 120 | 225 | 275 | 210 | 25 |

ಎಲ್ಲ ಸೇರಿ 930 ಮೀಟರ್. ಕತ್ತರಿಸುವಾಗ ನಮ್ಮಲ್ಲಿ ನೂರಕ್ಕೆ 4 ಮೀಟರ್ ಹಾಳಾಗುತ್ತದೆ, ಬಳಕೆಗೆ ಸಿಗುವುದು 96. ಇದನ್ನು ಸೇರಿಸುವಾಗ 930ಕ್ಕೆ 4% ಕೂಡಿಸಬೇಡಿ, 0.96ರಿಂದ ಭಾಗಿಸಿ. ಸುಮಾರು 969 ಮೀಟರ್ ಬರುತ್ತದೆ. ಇರುವ 100 ಕಳೆದರೆ 869. ಒಂದು ಕಾಯಿಲ್ 90 ಮೀಟರ್, ಹಾಗಾಗಿ 10 ಕಾಯಿಲ್ ಬೇಕು. ನನ್ನ ಹಳೆಯ ಲೆಕ್ಕದಲ್ಲಿ 200 ಮೀಟರ್ ಕಮ್ಮಿ ಬಂದಿರುತ್ತಿತ್ತು. ಮೊದಲ ವಾರಗಳಲ್ಲಿ ಏನೂ ಗೊತ್ತಾಗುವುದಿಲ್ಲ, ಎಲ್ಲ ಚೆನ್ನಾಗಿಯೇ ನಡೆಯುತ್ತದೆ. 6ನೇ ವಾರ ಇದ್ದಕ್ಕಿದ್ದಂತೆ ವೈರ್ ಮುಗಿಯುತ್ತದೆ. ಆಗ ಎಲ್ಲರೂ ಕತ್ತರಿಸುವ ಹುಡುಗನನ್ನು ಬೈಯುತ್ತಾರೆ.

ಸ್ಕ್ರೂ, ವಾಶರ್, ತಿಂಬಲ್, ಕೇಬಲ್ ಟೈ ಇವನ್ನು ಈ ಲೆಕ್ಕಕ್ಕೆ ತರಬೇಡಿ. ಅವಕ್ಕೆ ಎರಡು ಡಬ್ಬ ಇಡಿ. ಒಂದು ಖಾಲಿಯಾದರೆ ಇನ್ನೊಂದು ತೆರೆದು, ಖಾಲಿ ಡಬ್ಬಕ್ಕೆ ತರಿಸಿ. ಒಂದು ರೂಪಾಯಿ ಸಾಮಾನಿಗೆ ವಾರ ವಾರ ಲೆಕ್ಕ ಬರೆಯುವ ಸಮಯದ ಬೆಲೆಯೇ ಜಾಸ್ತಿ.

ಬಾಕ್ಸ್: ಒಂದೊಂದು ಸಲಕ್ಕೆ ಎಷ್ಟು ತರಿಸುವುದು

ಈಗ ಆ ಶನಿವಾರದ ಬಾಕ್ಸ್. ಬೇಡಿಕೆ ಮತ್ತೆ 30, 30, 60, 70, 50. ಸ್ಟಾಕ್ 40. 3ನೇ ವಾರಕ್ಕೆ 30 ಹೋಗಿ 10 ಉಳಿಯುತ್ತದೆ. ಹಾಗಾಗಿ ಹೊಸದಾಗಿ ಬೇಕಾಗುವುದು 4ನೇ ವಾರ 20, 5ರಲ್ಲಿ 60, 6ರಲ್ಲಿ 70, 7ರಲ್ಲಿ 50. ಒಟ್ಟು 200.

ಪ್ರತಿ ವಾರ ಬೇಕಾದಷ್ಟೇ ತರಿಸಬಹುದು. ಇಲ್ಲ, ಒಂದೇ ಸಲ 200 ತರಿಸಿ ಪೇರಿಸಬಹುದು. ಎರಡಕ್ಕೂ ಖರ್ಚಿದೆ, ಎರಡನ್ನೂ ರೂಪಾಯಿಯಲ್ಲಿ ಬರೆಯಬೇಕು.

ಒಂದು ಸಲ ತರಿಸಿದರೆ ಟೆಂಪೋ ಬಾಡಿಗೆ, ಪೌಡರ್ ಕೋಟಿಂಗ್‌ನವರು ಬಣ್ಣ ಬದಲಿಸುವುದಕ್ಕೆ ಹಾಕುವ ಚಾರ್ಜ್, ಇಳಿಸಿ ಎಣಿಸುವ ಕೆಲಸ ಎಲ್ಲ ಸೇರಿ ನಮಗೆ 600 ರೂಪಾಯಿ. ಎಷ್ಟು ಬಾಕ್ಸ್ ತಂದರೂ ಅಷ್ಟೇ.

ಇಟ್ಟುಕೊಳ್ಳುವ ಖರ್ಚು ಒಂದು ಬಾಕ್ಸಿಗೆ ವಾರಕ್ಕೆ 4 ರೂಪಾಯಿ. ಬಾಕ್ಸಿನ ಬೆಲೆ 600. ಓಡಿ ಖಾತೆಗೆ 14% ಬಡ್ಡಿ ಅಂದರೆ ವಾರಕ್ಕೆ ಸುಮಾರು ಒಂದು ರೂಪಾಯಿ ಅರವತ್ತು ಪೈಸೆ. ಉಳಿದದ್ದು ಜಾಗದ ಬಾಡಿಗೆ ಮತ್ತು ಗೀರು, ತಗ್ಗು ಬೀಳುವ ನಷ್ಟ. ಬಾಕ್ಸ್ ಒಳಗೆ ಬರೀ ಗಾಳಿ, ಆದರೆ ಪೀಣ್ಯದಲ್ಲಿ ಗಾಳಿ ಇಡುವ ಜಾಗಕ್ಕೂ ಬಾಡಿಗೆ ಕಟ್ಟಬೇಕು.

ವಾರ ವಾರ ತರಿಸಿದರೆ ನಾಲ್ಕು ಸಲ, 2,400 ರೂಪಾಯಿ. ಇಟ್ಟುಕೊಳ್ಳುವ ಖರ್ಚು ಸೊನ್ನೆ. ಒಂದೇ ಸಲ 200 ತಂದರೆ ತರಿಸುವ ಖರ್ಚು 600. ಆದರೆ 60 ಬಾಕ್ಸ್ ಒಂದು ವಾರ, 70 ಎರಡು ವಾರ, 50 ಮೂರು ವಾರ ಕಾಯುತ್ತವೆ. ಅದಕ್ಕೆ 1,400. ಒಟ್ಟು 2,000.

ಇಲ್ಲಿ ಯಾರಾದರೂ "ಇಓಕ್ಯೂ ಸೂತ್ರ ಹಾಕಿ" ಅಂದೇ ಅನ್ನುತ್ತಾರೆ. ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಅತಿ ಕಮ್ಮಿ ಅಂತ ಹೇಳುವ, 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟ ಹಳೆಯ ಸೂತ್ರ ಅದು. ವಾರಕ್ಕೆ ಸರಾಸರಿ 50 ಬಾಕ್ಸ್, ಒಂದು ಸಲ ತರಿಸುವ ಖರ್ಚು 600, ಇಟ್ಟುಕೊಳ್ಳುವ ಖರ್ಚು 4 ಅಂತ ಹಾಕಿದರೆ:

```
EOQ = SQRT(2 * 50 * 600 / 4) = 122
```

ಸರಿ, 122 ತರಿಸೋಣ. 4ನೇ ವಾರ 20 ಬಳಸಿದ ಮೇಲೆ 102 ಉಳಿಯುತ್ತದೆ. 5ನೇ ವಾರದ ಕೊನೆಗೆ 42. 6ನೇ ವಾರ 70 ಬೇಕು, 42 ಸಾಲದು. ಮತ್ತೆ 122 ತರಿಸಬೇಕು. ಆಗ 94 ಉಳಿಯುತ್ತದೆ, 7ನೇ ವಾರದ ಕೊನೆಗೆ 44. ಒಟ್ಟು ಖರ್ಚು 1,200 ಮತ್ತು 1,128, ಅಂದರೆ 2,328. ಕೊನೆಗೆ ಉಳಿದ 44 ಬಾಕ್ಸ್ ಮುಂದೆ ಬಳಕೆಗೆ ಬರುತ್ತವೆ, ನಿಜ. ಆದರೆ ಅಲ್ಲಿ 26,400 ರೂಪಾಯಿ ಸುಮ್ನೆ ಕೂತಿದೆ. ಅದಕ್ಕಿಂತ ಬೇಜಾರು 5ನೇ ವಾರದ ಕೊನೆಯ 42. ಅವು ಇದ್ದೂ ಪ್ರಯೋಜನ ಇಲ್ಲ, ಅವಿದ್ದರೂ ಟೆಂಪೋ ಕಳಿಸಲೇಬೇಕು. ಈ ಸೂತ್ರ ಬೇಡಿಕೆ ಪ್ರತಿದಿನ ಒಂದೇ ಸಮ ಹರಿಯುತ್ತದೆ ಅಂದುಕೊಳ್ಳುತ್ತದೆ. ನಮ್ಮದು ಒಂದೇ ಸಮ ಹರಿಯುವುದಿಲ್ಲ, ಗುಡ್ಡೆ ಗುಡ್ಡೆಯಾಗಿ ಬರುತ್ತದೆ.

ಆದರೂ ಸೂತ್ರವನ್ನು ಎಸೆಯಬೇಡಿ. ಅದನ್ನು ಎಷ್ಟು ಬಾಕ್ಸ್ ಅಂತ ಕೇಳುವ ಬದಲು ಎಷ್ಟು ವಾರ ಅಂತ ಕೇಳಿ. 122ನ್ನು ವಾರದ ಸರಾಸರಿ 50ರಿಂದ ಭಾಗಿಸಿದರೆ 2.4. ಅಂದರೆ ಎರಡು ವಾರಕ್ಕೆ ಬೇಕಾದದ್ದನ್ನು ಒಟ್ಟಿಗೆ ತರಿಸಿ, ಆ ಎರಡು ವಾರಕ್ಕೆ ನಿಜವಾಗಿ ಎಷ್ಟು ಬೇಕೋ ಅಷ್ಟೇ. 4 ಮತ್ತು 5ನೇ ವಾರಕ್ಕೆ 80. 6 ಮತ್ತು 7ಕ್ಕೆ 120. ಎರಡು ಸಲದ ಖರ್ಚು 1,200. 60 ಮತ್ತು 50 ಬಾಕ್ಸ್ ಒಂದೊಂದು ವಾರ ಕಾಯುವುದಕ್ಕೆ 440. ಒಟ್ಟು 1,640. ಈ ನಾಲ್ಕು ವಾರವನ್ನು ಬೇರೆ ಯಾವ ರೀತಿ ಗುಂಪು ಮಾಡಿದರೂ ಇದಕ್ಕಿಂತ ಕಮ್ಮಿ ಬರುವುದಿಲ್ಲ, ನಾನು ಎಂಟೂ ರೀತಿ ಹಾಕಿ ನೋಡಿದ್ದೇನೆ. ಈ ಕ್ರಮಕ್ಕೆ ಪೀರಿಯಡ್ ಆರ್ಡರ್ ಕ್ವಾಂಟಿಟಿ ಅನ್ನುತ್ತಾರೆ. ಎಲ್ಲ ಸಲವೂ ಇದೇ ಅತಿ ಅಗ್ಗ ಆಗುತ್ತದೆ ಅಂತಲ್ಲ. ಆದರೆ ಹೆಚ್ಚುವರಿ ತುಣುಕು ಉಳಿಯುವುದಿಲ್ಲ, ಕೈಯಲ್ಲೇ ಲೆಕ್ಕ ಹಾಕಬಹುದು.

ಬಾಕ್ಸಿಗೆ ಎರಡು ವಾರ ಲೀಡ್ ಟೈಮ್. ಹಾಗಾಗಿ 80ರ ಆರ್ಡರ್ 2ನೇ ವಾರ, 120ರದ್ದು 4ನೇ ವಾರ ಕೊಡಬೇಕು. ನಮ್ಮ ಅಳತೆಗೆ ಎಂಟು-ನಾಲ್ಕು ಅಡಿಯ ಒಂದು ತಗಡಿನ ಶೀಟಿನಲ್ಲಿ ಐದು ಬಾಕ್ಸ್ ಬರುತ್ತದೆ, ಆದ್ದರಿಂದ ಐದರ ಲೆಕ್ಕಕ್ಕೆ ಮೇಲಕ್ಕೆ ಸರಿಹೊಂದಿಸುತ್ತೇವೆ. ಇಲ್ಲಿ ಎರಡೂ ತಾನಾಗಿಯೇ ಸರಿಹೋಗಿವೆ.

600 ರೂಪಾಯಿ ಅನ್ನುವುದು ಕಲ್ಲಿನಲ್ಲಿ ಕೆತ್ತಿದ್ದೇನಲ್ಲ. ಈಚೆಗೆ ನಮ್ಮ ಟೆಂಪೋ ಬೇರೆ ಕೆಲಸಕ್ಕೆ ವಾರಕ್ಕೊಮ್ಮೆ ಆ ಕಡೆ ಹೋಗುತ್ತದೆ, ಪಕ್ಕದ ಶಾಪಿನವರದ್ದೂ ನಮ್ಮದೇ ಬಣ್ಣ. ಹಾಗಾಗಿ ತರಿಸುವ ಖರ್ಚು 200ಕ್ಕೆ ಇಳಿದಿದೆ. ಆಗ ವಾರ ವಾರ ತರಿಸಿದರೆ 800, ಎರಡು ಸಲ ತರಿಸಿದರೆ 840. ಗುಂಪು ಮಾಡುವ ಅಗತ್ಯವೇ ಹೋಯಿತು. ಲಾಟ್ ಸೈಜ್, ಅಂದರೆ ಒಂದು ಸಲಕ್ಕೆ ಎಷ್ಟು ತರಿಸುವುದು ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಆ ಒಂದು ಸಲದ ಖರ್ಚನ್ನು ಇಳಿಸಲು ಆಗುತ್ತದಾ ಅಂತ ನೋಡಿ.

ಜೋಡಣೆಯನ್ನು ಗುಂಪು ಮಾಡಬೇಡಿ

ಬಾಕ್ಸಿನ ಲೆಕ್ಕ ನೋಡಿ ಮೇಸ್ತ್ರಿಗೆ ಖುಷಿಯಾಯಿತು. "ಹಂಗಾದ್ರೆ 1 ಎಚ್‌ಪಿ ಪ್ಯಾನೆಲ್ಲೂ ಮೂರು ವಾರದ್ದು ಒಂದೇ ಸಲ ಮಾಡಿಬಿಡೋಣ ಸಾರ್, ಟೇಬಲ್ ಬದಲಾಯಿಸೋ ಕೆಲಸ ಇರಲ್ಲ" ಅಂದರು. 60, 30, 50 ಸೇರಿ 140, 5ನೇ ವಾರ ಶುರು. ಕೇಳಲು ಚೆನ್ನಾಗಿದೆ. ಕೆಳಗೆ ಇಳಿಸಿ ನೋಡಿ. 4ನೇ ವಾರ 140 ಮೀಟರ್ ಪ್ಲೇಟ್ ಮಾಡಬೇಕು. ಒಂದಕ್ಕೆ 25 ನಿಮಿಷ. 58 ಗಂಟೆ ಕೆಲಸ. ಆ ಟೇಬಲ್‌ನಲ್ಲಿ ಕೂರುವುದು ಒಬ್ಬರೇ, ವಾರಕ್ಕೆ 48 ಗಂಟೆ. ಮೊದಲಿನ ಲೆಕ್ಕದಲ್ಲಿ ಅತಿ ಜಾಸ್ತಿ ಇದ್ದ ವಾರವೇ 70 ಪ್ಲೇಟ್, ಅಂದರೆ 29 ಗಂಟೆ.

ಎಂಆರ್‌ಪಿಗೆ ಜನರ ಗಂಟೆ ಗೊತ್ತಿಲ್ಲ. 140 ಅಂದರೆ 140 ಅಂತ ಬರೆದುಕೊಡುತ್ತದೆ. ಗಂಟೆಯನ್ನು ನಾವೇ ಪಕ್ಕದಲ್ಲಿ ಗುಣಿಸಿ ನೋಡಬೇಕು. ಮೇಲಿನ ಮೆಟ್ಟಿಲಿನಲ್ಲಿ ಒಂದು ಗುಡ್ಡೆ ಮಾಡಿದರೆ ಅದು ಪ್ರತಿ ಮೆಟ್ಟಿಲಿನಲ್ಲೂ ಗುಡ್ಡೆಯಾಗಿಯೇ ಇಳಿಯುತ್ತದೆ. ಹಾಗಾಗಿ ನಾವು ಪ್ಯಾನೆಲ್ ಮತ್ತು ಪ್ಲೇಟ್‌ಗಳನ್ನು ಬೇಕಾದಷ್ಟೇ ಮಾಡುತ್ತೇವೆ. ಗುಂಪು ಮಾಡುವುದು ಹೊರಗಿನಿಂದ ಕೊಳ್ಳುವ ಸಾಮಾನಿನಲ್ಲಿ ಮಾತ್ರ.

ಹಾಳೆಯಲ್ಲಿ ಹಾಕುವ ಬಗೆ

ಒಂದು ಸಾಮಾನಿಗೆ ಒಂದು ಶೀಟ್. D ಕಾಲಮ್‌ನಿಂದ K ತನಕ ಎಂಟು ವಾರ. 5ನೇ ಸಾಲು ಬೇಡಿಕೆ, 6 ಆಗಲೇ ಆರ್ಡರ್ ಕೊಟ್ಟು ದಾರಿಯಲ್ಲಿ ಇರುವುದು, 7 ವಾರದ ಕೊನೆಯ ಸ್ಟಾಕ್, 8 ಕೊರತೆ, 9 ಹೊಸದಾಗಿ ಬರಬೇಕಾದದ್ದು, 10 ಆರ್ಡರ್ ಕೊಡುವುದು. C7ರಲ್ಲಿ ಇವತ್ತಿನ ಸ್ಟಾಕ್. ಬಾಕ್ಸ್ ಶೀಟಿನ D ಕಾಲಮ್:

```
D5:  =Panel1HP!D10+Panel2HP!D10
D8:  =MAX(0, D5-C7-D6)
D9:  =CEILING(D8,5)
D7:  =C7+D6+D9-D5
D10: =F9
```

ಇವನ್ನು K ತನಕ ಎಳೆಯಿರಿ. D10ರಲ್ಲಿ F9 ಇರುವುದು ಎರಡು ವಾರ ಲೀಡ್ ಟೈಮ್‌ಗೆ. ಒಂದು ವಾರವಾದರೆ E9. ಬಾಕ್ಸಿಗೆ ಎರಡು ವಾರದ ಗುಂಪು ಬೇಕಲ್ಲ, ಅದಕ್ಕೆ 9ನೇ ಸಾಲಿನ ಸೂತ್ರ ಅಳಿಸಿ ಕೈಯಲ್ಲೇ G9ರಲ್ಲಿ 80, I9ರಲ್ಲಿ 120 ಹಾಕಿ. ಆಗ 7ನೇ ಸಾಲಿನಲ್ಲಿ ಎಲ್ಲೂ ಮೈನಸ್ ಬರಬಾರದು. ಬಂದರೆ ಆ ವಾರ ಶನಿವಾರ ಸಂಜೆ ನಮ್ಮ ಕಥೆಯೇ.

C7ರ ಅಂಕಿಯನ್ನು ನಂಬುವ ಮೊದಲು ಎದ್ದು ಹೋಗಿ ಎಣಿಸಿ. ಒಂದು ಸಲ ರಿಜಿಸ್ಟರ್‌ನಲ್ಲಿ 40 ಬಾಕ್ಸ್ ಇತ್ತು, ರಾಕ್‌ನಲ್ಲೂ 40 ಇತ್ತು. ಆದರೆ ಅದರಲ್ಲಿ 7 ತಗ್ಗು ಬಿದ್ದವು, ವಾಪಸ್ ಕಳಿಸಲು ಇಟ್ಟಿದ್ದವು. ಅವನ್ನು ಸೇರಿಸಿಕೊಂಡರೆ 80ರ ಆರ್ಡರ್ 5ನೇ ವಾರ ಏಳು ಬಾಕ್ಸ್ ಕಮ್ಮಿ ಬೀಳುತ್ತದೆ. ಈಗ ಕೆಟ್ಟ ಬಾಕ್ಸಿಗೆ ಕೆಂಪು ಟೇಪ್ ಸುತ್ತಿ, ಬೇರೆ ಮೂಲೆಯಲ್ಲಿ ಇಡುತ್ತೇವೆ. ಪ್ರತಿ ಸೋಮವಾರ ಬೆಳಿಗ್ಗೆ ಬಾಕ್ಸ್, ಕೆಪಾಸಿಟರ್, ಮೀಟರ್, ಎಂಸಿಬಿ ಇಷ್ಟನ್ನು ಮಾತ್ರ ಎಣಿಸುತ್ತೇವೆ. ಅರ್ಧ ಗಂಟೆ ಹಿಡಿಯುತ್ತದೆ. ಅದಾದ ಮೇಲೆಯೇ ಲೆಕ್ಕ. ಬರುವ ಎರಡು ವಾರದ ಜೋಡಣೆಯನ್ನು ಆಮೇಲೆ ಬದಲಿಸುವುದಿಲ್ಲ. ಡೀಲರ್ ಫೋನ್ ಮಾಡಿದಾಗಲೆಲ್ಲ ಮೇಲಿನ ಅಂಕಿ ತಿದ್ದಿದರೆ ಕೆಳಗಿನ ಎಲ್ಲ ಆರ್ಡರ್‌ಗಳೂ ಅಲ್ಲಾಡುತ್ತವೆ, ಸಪ್ಲೈಯರ್ ನಮ್ಮ ಫೋನ್ ಎತ್ತುವುದನ್ನೇ ಬಿಡುತ್ತಾನೆ.

ತಡವಾಗಿದೆ ಅಂತ ಹಾಳೆ ಹೇಳಿದಾಗ

ಕೆಪಾಸಿಟರ್‌ಗೆ ನಾಲ್ಕು ವಾರ. ಬೇಸ್ ಪ್ಲೇಟ್‌ಗೆ ಒಂದು, ಪ್ಯಾನೆಲ್‌ಗೆ ಒಂದು. ಒಟ್ಟು ಆರು ವಾರ. ಹಾಗಾಗಿ ಆರು ವಾರಕ್ಕಿಂತ ಗಿಡ್ಡ ಪ್ಲ್ಯಾನ್ ಮಾಡಿದರೆ ಕೆಪಾಸಿಟರ್ ಆರ್ಡರ್ ಕೊಡುವ ವಾರ ಹಾಳೆಯಲ್ಲೇ ಕಾಣುವುದಿಲ್ಲ. ಡೀಲರ್ ನಾಲ್ಕು ವಾರ ಮೊದಲು ಮಾತ್ರ ಆರ್ಡರ್ ಕೊಡುತ್ತಾನೆ ಅಂದರೆ, ಕೆಪಾಸಿಟರ್ ಒಂದನ್ನು ಅಂದಾಜಿನ ಮೇಲೆಯೇ ಇಟ್ಟುಕೊಳ್ಳಬೇಕು. ಬೇರೆ ದಾರಿ ಇಲ್ಲ.

ನಮ್ಮ ಈ ಲೆಕ್ಕದಲ್ಲೇ ಹಾಗೊಂದು ಸಿಕ್ಕಿತು. ಒಂದು ಬೇಸ್ ಪ್ಲೇಟ್‌ಗೆ ಒಂದು ಹಾಕುವ 1 ಎಚ್‌ಪಿಯ ರನ್ ಕೆಪಾಸಿಟರ್ ಕೈಯಲ್ಲಿ 25 ಇದ್ದವು, ಇನ್ನು 100 ದಾರಿಯಲ್ಲಿ, 3ನೇ ವಾರ ಬರುತ್ತವೆ. 2ನೇ ವಾರ 30 ಬೇಸ್ ಪ್ಲೇಟ್ ಶುರು ಮಾಡಬೇಕು. ಐದು ಕಮ್ಮಿ. ಹಾಳೆಯ ಪ್ರಕಾರ ಆ ಐದಕ್ಕೆ ಮೂರು ವಾರ ಹಿಂದೆಯೇ ಆರ್ಡರ್ ಕೊಡಬೇಕಿತ್ತು. ಹೊಸ ಆರ್ಡರ್ ಕೊಟ್ಟು ಪ್ರಯೋಜನ ಇಲ್ಲ. ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದದ್ದು ದಾರಿಯಲ್ಲಿರುವುದನ್ನು ಮುಂಚೆ ತರಿಸಲು ನೋಡುವುದು. ಸಪ್ಲೈಯರ್‌ಗೆ ಫೋನ್ ಮಾಡಿದೆ. ಆಗಲ್ಲ ಅಂದರು.

ಎರಡನೆಯದು, ಆ ಐದು ಯಾರಿಗೆ ಸೇರಬೇಕಾದದ್ದು ಅಂತ ಮೇಲಕ್ಕೆ ಹತ್ತುತ್ತಾ ಹುಡುಕುವುದು. ಕೆಪಾಸಿಟರ್‌ನಿಂದ 2ನೇ ವಾರದ ಬೇಸ್ ಪ್ಲೇಟ್‌ಗೆ, ಅಲ್ಲಿಂದ 3ನೇ ವಾರದ ಪ್ಯಾನೆಲ್‌ಗೆ, ಅಲ್ಲಿಂದ 4ನೇ ವಾರದ 40ಕ್ಕೆ. ಆ 40ರಲ್ಲಿ ತುಮಕೂರಿನ ಡೀಲರ್‌ಗೆ 25, ಕನಕಪುರದವರಿಗೆ 15. ಎಸ್‌ಪಿ ರೋಡಿಗೆ ಹುಡುಗನನ್ನು ಕಳಿಸಿ ಚಿಲ್ಲರೆ ಬೆಲೆಗೆ ಐದು ತರಿಸಲು ಹೊರಟಿದ್ದೆ. ಅದಕ್ಕೆ ಮುಂಚೆ ಕನಕಪುರಕ್ಕೆ ಒಂದು ಫೋನ್ ಮಾಡಿದೆ.

"ಹತ್ತು ಈಗ ಕಳಿಸಿ ಸಾರ್, ಉಳಿದ ಐದು ಮುಂದಿನ ವಾರ ಬಂದರೂ ನಡೀತದೆ. ನಮ್ಮಲ್ಲೇ ಜಾಗ ಇಲ್ಲ" ಅಂದರು.

3ನೇ ವಾರ ಕೆಪಾಸಿಟರ್ ಇಳಿದ ಕೂಡಲೇ ಐದು ಬೇಸ್ ಪ್ಲೇಟ್ ಮಾಡಿಕೊಂಡೆವು. 4ನೇ ವಾರ ಪ್ಯಾನೆಲ್ ಆದವು, 5ನೇ ವಾರದ ಸೋಮವಾರ ಕನಕಪುರಕ್ಕೆ ಹೋದವು. ಅದೇ ಹಾಳೆಯಲ್ಲಿ ಇನ್ನೊಂದೂ ಕಂಡಿತ್ತು. ಬಂದ 100ರಲ್ಲಿ ಈ 5, ಆಮೇಲೆ 60, 30 ಹೋದರೆ 5 ಉಳಿಯುತ್ತದೆ. 6ನೇ ವಾರ 50 ಬೇಕು. ಆ 45 ಕೆಪಾಸಿಟರ್‌ಗೆ 2ನೇ ವಾರದ ಸೋಮವಾರವೇ ಆರ್ಡರ್ ಕೊಟ್ಟೆ.